ರಾಬೆ–ಕಿಂಡ್ಲರ್ ಕ್ವಿನೈನ್ ಪ್ರಬಂಧದ ಪ್ರಯೋಗ ವಿವರಣೆಯ ವಿಮರ್ಶೆ

ರಾಬೆ–ಕಿಂಡ್ಲರ್ ಪ್ರಬಂಧ ಎಂಬುದು ಕ್ವಿನೋಟಾಕ್ಸಿನ್ ಎಂಬ ಸಂಯುಕ್ತವನ್ನು ಮೂರು ಹಂತಗಳಲ್ಲಿ ಕ್ವಿನೈನ್ ಆಗಿ ಪರಿವರ್ತಿಸಿದುದನ್ನು ವರದಿ ಮಾಡಿದ, 1918ರಲ್ಲಿ ಜರ್ಮನ್ ರಾಸಾಯನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಕಿರು ಸಂಶೋಧನ ಲೇಖನ. ಇದರ ಲೇಖಕರು ಪೌಲ್ ರಾಬೆ ಮತ್ತು ಕಾರ್ಲ್ ಕಿಂಡ್ಲರ್. ಕ್ರಿಯೆಗಳು ಯಾವುವು, ಬಳಸಿದ ಕಾರಕಗಳು ಯಾವುವು ಎಂಬುದನ್ನು ಲೇಖನವು ತಿಳಿಸುತ್ತದೆ. ಆದರೆ ಇನ್ನೊಂದು ಪ್ರಯೋಗಾಲಯದ ರಸಾಯನಶಾಸ್ತ್ರಜ್ಞನು ಅದನ್ನು ಓದಿಕೊಂಡು ಅದೇ ಫಲಿತಾಂಶವನ್ನು ಪಡೆಯಲು ಬೇಕಾದ ಕಾರ್ಯವಿವರಗಳು, ವಿಶೇಷವಾಗಿ ಕೊನೆಯ ಹಂತಕ್ಕೆ ಸಂಬಂಧಿಸಿದವು, ಅದರಲ್ಲಿ ಅತ್ಯಲ್ಪವಾಗಿವೆ. 1944ರಲ್ಲಿ ಘೋಷಿತವಾದ ಕ್ವಿನೈನ್‌ನ ಪೂರ್ಣ ಸಂಶ್ಲೇಷಣೆಯು ಈ ಲೇಖನವನ್ನೇ ಆಧರಿಸಿದ್ದುದರಿಂದ, ಈ ಕೊರತೆಯು ಮುಂದೆ ದೀರ್ಘಕಾಲದ ವಿವಾದಕ್ಕೆ ಕಾರಣವಾಯಿತು. 2008ರಲ್ಲಿ ಪ್ರಯೋಗವನ್ನು ಯಶಸ್ವಿಯಾಗಿ ಪುನರಾವರ್ತಿಸಿದ ಬಳಿಕವೇ ಅದು ಬಗೆಹರಿಯಿತು.

## ಹಿನ್ನೆಲೆ

ಕ್ವಿನೈನ್ ಸಿಂಕೋನಾ ಮರದ ತೊಗಟೆಯಲ್ಲಿ ದೊರೆಯುವ ಆಲ್ಕಲಾಯ್ಡ್. ಇದನ್ನು 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕಾವಾಂಟು ಅವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮಲೇರಿಯಾ ಜ್ವರದ ಚಿಕಿತ್ಸೆಯಲ್ಲಿ ಇದು ದೀರ್ಘಕಾಲ ಮುಖ್ಯ ಔಷಧವಾಗಿತ್ತು. ಇದರ ಅಣುಸೂತ್ರ C20H24N2O2.

1853ರಲ್ಲಿ ಲೂಯಿ ಪಾಶ್ಚರ್ ಅವರು ಕ್ವಿನೈನನ್ನು ಆಮ್ಲದೊಂದಿಗೆ ಕಾಯಿಸಿ ಹೊಸದೊಂದು ವಸ್ತುವನ್ನು ಪಡೆದರು. ಮುಂದೆ ಅದಕ್ಕೆ ಕ್ವಿನೋಟಾಕ್ಸಿನ್ ಎಂಬ ಹೆಸರು ಬಳಕೆಗೆ ಬಂದಿತು. ಕ್ವಿನೋಟಾಕ್ಸಿನ್ ಕ್ವಿನೈನ್‌ನ ಸಮಾಂಗಿ. ಎರಡರ ಅಣುಸೂತ್ರವೂ ಒಂದೇ. ಕ್ವಿನೈನ್‌ನಲ್ಲಿ ಸಾರಜನಕದ ಒಂದು ಪರಮಾಣು ಮತ್ತು 8ನೆಯ ಇಂಗಾಲದ ಪರಮಾಣುವಿನ ನಡುವೆ ಇರುವ ಬಂಧವು ಕ್ವಿನೋಟಾಕ್ಸಿನ್‌ನಲ್ಲಿ ಕಡಿದುಹೋಗಿರುತ್ತದೆ. ಜೊತೆಗೆ, 9ನೆಯ ಇಂಗಾಲದ ಮೇಲಿದ್ದ ಆಲ್ಕೊಹಾಲ್ ಗುಂಪು ಕೀಟೋನ್ ಆಗಿ ಮಾರ್ಪಟ್ಟಿರುತ್ತದೆ. ಕ್ವಿನೈನ್‌ನಿಂದ ಕ್ವಿನೋಟಾಕ್ಸಿನ್‌ಗೆ ಹೋಗುವುದು ಸುಲಭ. ಹಿಂದಿರುಗಿ ಬರುವುದು ಕಠಿಣ.

ಕ್ವಿನೈನ್‌ನ ಪರಮಾಣುಗಳು ಪರಸ್ಪರ ಹೇಗೆ ಜೋಡಣೆಗೊಂಡಿವೆ ಎಂಬುದನ್ನು 1908ರಲ್ಲಿ ಸರಿಯಾಗಿ ನಿರೂಪಿಸಿದವರು ಪೌಲ್ ರಾಬೆ. ಕ್ವಿನೈನ್‌ಗೆ ಹತ್ತಿರದ ಸಂಬಂಧಿಯಾದ ಸಿಂಕೋನಿನ್ ಎಂಬ ಆಲ್ಕಲಾಯ್ಡಿನ ಸರಣಿಯಲ್ಲಿ, ಕಡಿದ ಬಂಧವನ್ನು ಮತ್ತೆ ಜೋಡಿಸುವ ವಿಧಾನವನ್ನು ಅವರು 1911ರಲ್ಲಿಯೇ ಪ್ರಕಟಿಸಿದ್ದರು. 1918ರ ಲೇಖನವು ಅದೇ ವಿಧಾನವನ್ನು ಕ್ವಿನೈನ್‌ಗೆ ಅನ್ವಯಿಸಿತು.

## ವರದಿಯಾದ ಮೂರು ಹಂತಗಳು

ಮೊದಲ ಹಂತದಲ್ಲಿ ಕ್ವಿನೋಟಾಕ್ಸಿನನ್ನು ಸೋಡಿಯಂ ಹೈಪೊಬ್ರೋಮೈಟ್‌ನೊಂದಿಗೆ ವರ್ತಿಸಲು ಬಿಡಲಾಗುತ್ತದೆ. ಸಾರಜನಕದ ಮೇಲಿದ್ದ ಜಲಜನಕದ ಸ್ಥಾನಕ್ಕೆ ಬ್ರೋಮಿನ್ ಬರುತ್ತದೆ.

ಎರಡನೆಯ ಹಂತದಲ್ಲಿ ಈ ಬ್ರೋಮಿನ್ ಸಂಯುಕ್ತವನ್ನು ಎಥನಾಲಿನಲ್ಲಿ ಸೋಡಿಯಂ ಎಥಾಕ್ಸೈಡ್‌ಗೆ ಒಡ್ಡಲಾಗುತ್ತದೆ. ಬ್ರೋಮಿನ್ ಹೊರಹೋಗಿ, ಸಾರಜನಕ ಮತ್ತು 8ನೆಯ ಇಂಗಾಲದ ನಡುವೆ ಬಂಧ ಏರ್ಪಟ್ಟು, ಉಂಗುರವು ಮುಚ್ಚಿಕೊಳ್ಳುತ್ತದೆ. ಹೀಗೆ ದೊರೆಯುವ ಕೀಟೋನ್‌ಗೆ ಕ್ವಿನಿನೋನ್ ಎಂದು ಹೆಸರು.

ಮೂರನೆಯ ಹಂತದಲ್ಲಿ ಕ್ವಿನಿನೋನನ್ನು ಸೋಡಿಯಂ ಎಥಾಕ್ಸೈಡ್ ಇರುವ ಎಥನಾಲಿನಲ್ಲಿ ಅಲ್ಯೂಮಿನಿಯಂ ಪುಡಿಯಿಂದ ಅಪಕರ್ಷಿಸಲಾಗುತ್ತದೆ. ಕೀಟೋನ್ ಗುಂಪು ಆಲ್ಕೊಹಾಲ್ ಆಗಿ, ಕ್ವಿನೈನ್ ಉಂಟಾಗುತ್ತದೆ.

ಹೀಗೆ ಹೇಳಿದಾಗ ಮೂರು ಹಂತಗಳೂ ಸರಳವಾಗಿ ತೋರುತ್ತವೆ. ಆದರೆ ಕ್ರಿಯೆಯನ್ನು ಹೆಸರಿಸುವುದು ಬೇರೆ, ಅದನ್ನು ಮಾಡುವ ಬಗೆಯನ್ನು ತಿಳಿಸುವುದು ಬೇರೆ. ಈ ಎರಡರ ನಡುವಿನ ಅಂತರವೇ ವಿಮರ್ಶೆಯ ವಸ್ತು.

## ಲೇಖನದ ಮೇಲೆ ನಿಂತ 1944ರ ಘೋಷಣೆ

1942ರಲ್ಲಿ ಜಪಾನ್ ಜಾವಾ ದ್ವೀಪವನ್ನು ಆಕ್ರಮಿಸಿಕೊಂಡಾಗ ಮಿತ್ರರಾಷ್ಟ್ರಗಳಿಗೆ ಸಿಂಕೋನಾ ತೊಗಟೆಯ ಮುಖ್ಯ ಮೂಲವು ಕೈತಪ್ಪಿತು. ಈ ಸಂದರ್ಭದಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ಡ್ ಮತ್ತು ವಿಲಿಯಂ ಡೋರಿಂಗ್ ಅವರು ಕ್ವಿನೈನ್‌ನ ಸಂಶ್ಲೇಷಣೆಯನ್ನು ಕೈಗೆತ್ತಿಕೊಂಡು, 1944ರಲ್ಲಿ ಅದರ ಪೂರ್ಣ ಸಂಶ್ಲೇಷಣೆ ಸಾಧ್ಯವಾಯಿತೆಂದು ಪ್ರಕಟಿಸಿದರು. 1945ರಲ್ಲಿ ವಿಸ್ತೃತ ಪ್ರಬಂಧವೂ ಹೊರಬಂದಿತು.

ಆದರೆ ಅವರು ಸ್ವತಃ ನಿರ್ಮಿಸಿದ್ದು ಕ್ವಿನೋಟಾಕ್ಸಿನ್‌ವರೆಗೆ ಮಾತ್ರ. ಅಲ್ಲಿಂದ ಕ್ವಿನೈನ್‌ಗೆ ಹೋಗುವ ದಾರಿಯನ್ನು ರಾಬೆ ಮತ್ತು ಕಿಂಡ್ಲರ್ ಅವರು ಅದಾಗಲೇ ತೋರಿಸಿರುವರೆಂದು ಭಾವಿಸಿ, ಕೊನೆಯ ಮೂರು ಹಂತಗಳನ್ನು ಅವರು ತಮ್ಮ ಸಂಶ್ಲೇಷಿತ ವಸ್ತುವಿನಿಂದ ನಡೆಸಲಿಲ್ಲ. ಹೀಗೆ ಅನ್ಯರ ಪ್ರಕಟಿತ ಕಾರ್ಯವನ್ನು ಆಧರಿಸಿ ಪೂರ್ಣಗೊಳ್ಳುವ ಸಂಶ್ಲೇಷಣೆಯನ್ನು ಔಪಚಾರಿಕ ಸಂಶ್ಲೇಷಣೆ ಎಂದು ಕರೆಯುವುದು ವಾಡಿಕೆ. ಇದು ರಸಾಯನಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮವೇ ಆಗಿದೆ. ಆದರೆ ಅದರ ಬಲವು ಆಧಾರವಾಗಿರುವ ಹಳೆಯ ಲೇಖನದ ಬಲಕ್ಕಿಂತ ಹೆಚ್ಚಾಗಿರಲಾರದು. ಆದ್ದರಿಂದ 1918ರ ಕಿರು ಲೇಖನದಲ್ಲಿ ಬಿಟ್ಟುಹೋದ ವಿವರಗಳು 1944ರ ಪ್ರಸಿದ್ಧ ಸಾಧನೆಯ ಭಾಗವೂ ಆದವು.

## ಮೊದಲ ಹಂತದ ವಿಮರ್ಶೆ: ಹೈಪೊಬ್ರೋಮೈಟ್‌ನ ಪ್ರಮಾಣ

ಸೋಡಿಯಂ ಹೈಪೊಬ್ರೋಮೈಟ್ ಸೀಸೆಯಲ್ಲಿಟ್ಟು ಬಹುಕಾಲ ಬಳಸಬಹುದಾದ ಕಾರಕವಲ್ಲ. ತಣ್ಣನೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಬ್ರೋಮಿನನ್ನು ಸೇರಿಸಿ ಅದನ್ನು ಆಗಿಂದಾಗ್ಗೆ ತಯಾರಿಸಿಕೊಳ್ಳಬೇಕಾಗುತ್ತದೆ. ದ್ರಾವಣವು ಬೆಚ್ಚಗಾದರೆ ಅಥವಾ ಹಳತಾದರೆ ಹೈಪೊಬ್ರೋಮೈಟ್ ತಾನಾಗಿಯೇ ಬ್ರೋಮೈಡ್ ಮತ್ತು ಬ್ರೋಮೇಟ್ ಆಗಿ ಒಡೆಯುತ್ತದೆ. ಆದ್ದರಿಂದ ಇಷ್ಟು ಬ್ರೋಮಿನ್ ಹಾಕಲಾಯಿತು ಎಂಬ ಹೇಳಿಕೆಯಿಂದ, ಕ್ರಿಯೆ ನಡೆಯುವ ಹೊತ್ತಿಗೆ ಎಷ್ಟು ಹೈಪೊಬ್ರೋಮೈಟ್ ಉಳಿದಿತ್ತು ಎಂಬುದು ತಿಳಿಯುವುದಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 1 ಗ್ರಾಂ ಕ್ವಿನೋಟಾಕ್ಸಿನ್ ತೆಗೆದುಕೊಂಡರೆ, ಅದರ ಅಣುತೂಕ 324 ಆಗಿರುವುದರಿಂದ, ಅದು ಸುಮಾರು 3.1 ಮಿಲಿಮೋಲ್ ಆಗುತ್ತದೆ. ಸಮಪ್ರಮಾಣದ ಹೈಪೊಬ್ರೋಮೈಟ್ ಪಡೆಯಲು ಬೇಕಾಗುವ ಬ್ರೋಮಿನ್ ಸುಮಾರು 0.49 ಗ್ರಾಂ, ಅಂದರೆ 0.16 ಮಿಲಿಲೀಟರ್ ಮಾತ್ರ. ಇದು ಕೆಲವೇ ಹನಿಗಳಷ್ಟು. ಅಳತೆಯಲ್ಲಿ ಒಂದೆರಡು ಹನಿ ಹೆಚ್ಚಾದರೂ ಕಾರಕವು ಗಣನೀಯವಾಗಿ ಮಿತಿಮೀರುತ್ತದೆ.

ಮಿತಿಮೀರಿದರೆ ತೊಂದರೆಯೂ ಉಂಟು. ಕ್ವಿನೋಟಾಕ್ಸಿನ್‌ನಲ್ಲಿ ಕೀಟೋನ್ ಗುಂಪು ಇದೆ. ಕ್ಷಾರೀಯ ದ್ರಾವಣದಲ್ಲಿ ಕೀಟೋನ್‌ನ ಪಕ್ಕದ ಇಂಗಾಲದ ಮೇಲೂ ಬ್ರೋಮಿನ್ ಸೇರಬಲ್ಲದು. ಕಡಿಮೆಯಾದರೆ ಕ್ವಿನೋಟಾಕ್ಸಿನ್‌ನ ಒಂದು ಭಾಗ ವರ್ತಿಸದೆ ಉಳಿದು, ಮುಂದಿನ ಹಂತಗಳಲ್ಲಿ ಕಲ್ಮಶವಾಗಿ ಸಾಗುತ್ತದೆ. ಹೀಗಾಗಿ ಈ ಹಂತದ ವಿವರಣೆಯಲ್ಲಿ ಇರಬೇಕಾದ ಅಂಶಗಳೆಂದರೆ ದ್ರಾವಣದ ಸಾಂದ್ರತೆ, ಅದನ್ನು ಅಳೆದ ವಿಧಾನ, ಉಷ್ಣತೆ ಮತ್ತು ಸೇರಿಸಲು ತೆಗೆದುಕೊಂಡ ಸಮಯ. ಸಂಬಂಧಿತ ಸಿಂಕೋನಿನ್ ಸರಣಿಯ ಹಿಂದಿನ ಪ್ರಬಂಧವನ್ನು ಓದಿದವನಿಗೆ ಮಾತ್ರ ಇಂತಹ ವಿಷಯಗಳಲ್ಲಿ ಮಾರ್ಗದರ್ಶನ ಸಿಗಬಹುದು. ಆಗಲೂ ಒಂದು ವಸ್ತುವಿಗೆ ಹೊಂದುವ ಪ್ರಮಾಣವು ಇನ್ನೊಂದಕ್ಕೆ ಯಥಾವತ್ತಾಗಿ ಹೊಂದುತ್ತದೆ ಎಂಬುದು ಊಹೆಯೇ ಆಗಿರುತ್ತದೆ.

## ಎರಡನೆಯ ಹಂತದ ವಿಮರ್ಶೆ: ಒಂದೇ ಹೆಸರಿನ ಹಿಂದೆ ಎರಡು ವಸ್ತುಗಳು

ಉಂಗುರವು ಮುಚ್ಚಿಕೊಳ್ಳುವಾಗ 8ನೆಯ ಇಂಗಾಲದ ಸುತ್ತಲಿನ ಗುಂಪುಗಳು ಎರಡು ರೀತಿಯಲ್ಲಿ ಜೋಡಣೆಗೊಳ್ಳಬಹುದು. ಒಂದು ಜೋಡಣೆಯಿಂದ ಕ್ವಿನಿನೋನ್, ಇನ್ನೊಂದರಿಂದ ಕ್ವಿನಿಡಿನೋನ್ ಉಂಟಾಗುತ್ತದೆ. 8ನೆಯ ಇಂಗಾಲವು ಕೀಟೋನ್‌ನ ಪಕ್ಕದಲ್ಲಿಯೇ ಇರುವುದರಿಂದ, ಕ್ಷಾರದ ಸಮ್ಮುಖದಲ್ಲಿ ಅದರ ಜಲಜನಕವು ಬಿಟ್ಟುಹೋಗಿ ಮತ್ತೆ ಸೇರಿಕೊಳ್ಳುತ್ತಿರುತ್ತದೆ. ಪರಿಣಾಮವಾಗಿ ಎರಡು ಕೀಟೋನ್‌ಗಳೂ ದ್ರಾವಣದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಾ ಸಮತೋಲನಕ್ಕೆ ಬರುತ್ತವೆ.

ಈ ಬದಲಾವಣೆಯನ್ನು ಪ್ರಯೋಗದಿಂದ ಗಮನಿಸಬಹುದು. ಇಂತಹ ಅಣುಗಳ ದ್ರಾವಣವು ಧ್ರುವೀಕೃತ ಬೆಳಕಿನ ಸಮತಲವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಶುದ್ಧ ಹರಳನ್ನು ಕರಗಿಸಿದ ಕೂಡಲೇ ಅಳೆದ ತಿರುಗುವಿಕೆಯು ಸಮಯ ಕಳೆದಂತೆ ಬೇರೆಯಾಗುತ್ತಾ ಹೋಗಿ, ಒಂದು ಮೌಲ್ಯದಲ್ಲಿ ನಿಲ್ಲುತ್ತದೆ. ಆದುದರಿಂದ ಕ್ವಿನಿನೋನ್‌ನ ತಿರುಗುವಿಕೆಯನ್ನು ವರದಿ ಮಾಡುವಾಗ ಕರಗಿಸಿದ ಎಷ್ಟು ಹೊತ್ತಿನ ಬಳಿಕ ಅಳೆಯಲಾಯಿತು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಆ ಸಂಖ್ಯೆಯಿಂದ ವಸ್ತುವಿನ ಶುದ್ಧತೆಯನ್ನು ನಿರ್ಣಯಿಸಲಾಗದು.

ಈ ಹಂತದಲ್ಲಿ ಸಮತೋಲನವು ಒಂದು ಅನುಕೂಲವನ್ನೂ ಒದಗಿಸುತ್ತದೆ. ಮೂರನೆಯ ಹಂತವೂ ಕ್ಷಾರೀಯ ಎಥನಾಲಿನಲ್ಲಿಯೇ ನಡೆಯುವುದರಿಂದ, ಯಾವ ಕೀಟೋನಿನಿಂದ ಪ್ರಾರಂಭಿಸಿದರೂ ಎರಡರ ಮಿಶ್ರಣವೇ ಅಪಕರ್ಷಣೆಗೆ ಒಳಗಾಗುತ್ತದೆ. ಆದರೆ ಇದರಿಂದ ಕೊನೆಯ ಹಂತದ ಉತ್ಪನ್ನಗಳ ಸಂಖ್ಯೆ ಹೆಚ್ಚುತ್ತದೆ.

## ಮೂರನೆಯ ಹಂತದ ವಿಮರ್ಶೆ: ಎಂತಹ ಅಲ್ಯೂಮಿನಿಯಂ?

ವಿವಾದದ ಕೇಂದ್ರವು ಈ ಹಂತವೇ ಆಗಿದೆ. ಅಲ್ಯೂಮಿನಿಯಂ ಪುಡಿ, ಎಥನಾಲ್ ಮತ್ತು ಸೋಡಿಯಂ ಎಥಾಕ್ಸೈಡ್ ಎಂಬ ಹೆಸರುಗಳನ್ನು ತಿಳಿದ ಓದುಗನು ಕೆಲಸಕ್ಕೆ ತೊಡಗಿದಾಗ ಅವನ ಮುಂದೆ ಏಳುವ ಮೊದಲ ಪ್ರಶ್ನೆ, ಎಷ್ಟು ಅಲ್ಯೂಮಿನಿಯಂ ಎಂಬುದು.

ಸಮೀಕರಣದಿಂದ ಕನಿಷ್ಠ ಪ್ರಮಾಣವನ್ನು ಲೆಕ್ಕ ಹಾಕಬಹುದು. ಕೀಟೋನ್ ಆಲ್ಕೊಹಾಲ್ ಆಗಲು ಎರಡು ಇಲೆಕ್ಟ್ರಾನುಗಳು ಬೇಕು. ಅಲ್ಯೂಮಿನಿಯಂನ ಒಂದು ಪರಮಾಣು ಮೂರು ಇಲೆಕ್ಟ್ರಾನುಗಳನ್ನು ಕೊಡುತ್ತದೆ. ಹಿಂದಿನ ಉದಾಹರಣೆಯ 3.1 ಮಿಲಿಮೋಲ್ ಕೀಟೋನ್‌ಗೆ ಸುಮಾರು 55 ಮಿಲಿಗ್ರಾಂ ಅಲ್ಯೂಮಿನಿಯಂ ಸಾಕೆಂದು ಇದರಿಂದ ತಿಳಿಯುತ್ತದೆ. ಆದರೆ ಇದು ಕಾಗದದ ಮೇಲಿನ ಲೆಕ್ಕ. ಕ್ಷಾರೀಯ ಎಥನಾಲಿನಲ್ಲಿ ಅಲ್ಯೂಮಿನಿಯಂ ದ್ರಾವಕದೊಂದಿಗೇ ವರ್ತಿಸಿ ಜಲಜನಕ ಅನಿಲವನ್ನು ಬಿಡುಗಡೆ ಮಾಡುತ್ತದೆ. ಲೋಹದ ಎಷ್ಟು ಪಾಲು ಹೀಗೆ ವ್ಯರ್ಥವಾಗುತ್ತದೆ, ಎಷ್ಟು ಪಾಲು ಕೀಟೋನ್‌ಗೆ ಒದಗುತ್ತದೆ ಎಂಬುದು ಸಮೀಕರಣದಿಂದ ದೊರೆಯುವುದಿಲ್ಲ. ಪ್ರಯೋಗ ಮಾಡಿದವನು ತಾನು ಬಳಸಿದ ಪ್ರಮಾಣವನ್ನು ಬರೆದರೆ ಮಾತ್ರ ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆ ಪುಡಿಯ ನುಣುಪಿನದು. ಘನವಸ್ತುವಿನ ಕ್ರಿಯೆಯು ಅದರ ಮೇಲ್ಮೈಯಲ್ಲಿ ನಡೆಯುತ್ತದೆ. ಕಣದ ವ್ಯಾಸ ಅರ್ಧವಾದರೆ ಒಂದು ಗ್ರಾಂ ಪುಡಿಯ ಒಟ್ಟು ಮೇಲ್ಮೈ ಎರಡರಷ್ಟಾಗುತ್ತದೆ. ಪುಡಿ ಎಂಬ ಒಂದೇ ಪದವು ಮರಳಿನಂತಹ ಒರಟು ಪುಡಿಗೂ ಬಣ್ಣ ತಯಾರಿಕೆಯಲ್ಲಿ ಬಳಸುವ ಹಿಟ್ಟಿನಂತಹ ಪುಡಿಗೂ ಸಲ್ಲುತ್ತದೆ.

ಮೂರನೆಯ ಪ್ರಶ್ನೆಯೇ ನಿರ್ಣಾಯಕವಾದುದು: ಪುಡಿಯ ವಯಸ್ಸು. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರ ಬೆಳೆಯುತ್ತದೆ. ಆಗಾಗ ತೆರೆದು ಮುಚ್ಚಿದ ಹಳೆಯ ಸೀಸೆಯ ಪುಡಿಯಲ್ಲಿ ಈ ಆಕ್ಸೈಡ್ ಹೆಚ್ಚಾಗಿರುತ್ತದೆ. ಸಾಮಾನ್ಯ ತಿಳಿವಳಿಕೆಯಂತೆ ಆಕ್ಸೈಡ್ ಒಂದು ಕಲ್ಮಶ. ಎಚ್ಚರಿಕೆಯುಳ್ಳ ರಸಾಯನಶಾಸ್ತ್ರಜ್ಞನು ಹೊಸ, ಹೊಳೆಯುವ ಪುಡಿಯನ್ನೇ ಆರಿಸಿಕೊಳ್ಳುವನು. ಈ ಕ್ರಿಯೆಯಲ್ಲಿ ಆ ಎಚ್ಚರಿಕೆಯೇ ತೊಡಕಾಗುತ್ತದೆಂಬುದು 2008ರ ಪ್ರಯೋಗಗಳಿಂದ ಹೊರಬಂದಿತು.

## ಉತ್ಪನ್ನದ ಗುರುತಿಸುವಿಕೆ

ಎರಡು ಕೀಟೋನ್‌ಗಳಲ್ಲಿ ಪ್ರತಿಯೊಂದೂ ಅಪಕರ್ಷಣೆಗೊಂಡಾಗ 9ನೆಯ ಇಂಗಾಲದ ಮೇಲಿನ ಆಲ್ಕೊಹಾಲ್ ಗುಂಪು ಎರಡು ದಿಕ್ಕುಗಳಲ್ಲಿ ನಿಲ್ಲಬಹುದು. ಹೀಗೆ ಒಟ್ಟು ನಾಲ್ಕು ಉತ್ಪನ್ನಗಳು ಸಾಧ್ಯ: ಕ್ವಿನೈನ್, ಕ್ವಿನಿಡಿನ್, ಎಪಿಕ್ವಿನೈನ್ ಮತ್ತು ಎಪಿಕ್ವಿನಿಡಿನ್. ನಾಲ್ಕರ ಅಣುಸೂತ್ರವೂ ಒಂದೇ ಆಗಿರುವುದರಿಂದ, ಧಾತುಗಳ ಶೇಕಡಾವಾರು ವಿಶ್ಲೇಷಣೆಯಿಂದ ಇವುಗಳನ್ನು ಬೇರ್ಪಡಿಸಿ ಹೇಳಲಾಗದು. ಪ್ರಾರಂಭದ ವಸ್ತುವಾದ ಕ್ವಿನೋಟಾಕ್ಸಿನ್ ಕೂಡ ಅದೇ ಅಣುಸೂತ್ರವನ್ನು ಹೊಂದಿದೆಯೆಂಬುದು ಗಮನಾರ್ಹ. ವರ್ತಿಸದೆ ಉಳಿದ ವಸ್ತುವೂ ಈ ವಿಶ್ಲೇಷಣೆಯಲ್ಲಿ ತೇರ್ಗಡೆಯಾಗುತ್ತದೆ.

ಕರಗುವ ಬಿಂದುವೂ ಒಂಟಿಯಾಗಿ ಸಾಲದು. ನೀರಿನ ಅಂಶವಿಲ್ಲದ ಕ್ವಿನೈನ್ ಸುಮಾರು 177 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕ್ವಿನಿಡಿನ್ ಅದಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಕರಗುತ್ತದೆ. ಇದಕ್ಕೆ ಪ್ರತಿಯಾಗಿ ಕ್ವಿನೈನ್‌ನ ಹೈಡ್ರೇಟ್ ರೂಪವು 57 ಡಿಗ್ರಿಯಲ್ಲಿಯೇ ಕರಗುತ್ತದೆ. ಹರಳನ್ನು ಹೇಗೆ ಒಣಗಿಸಲಾಯಿತು ಎಂಬ ವಿವರವಿಲ್ಲದೆ ಕರಗುವ ಬಿಂದುವನ್ನು ಮಾತ್ರ ಕೊಟ್ಟರೆ ಅದರಿಂದ ಗೊಂದಲವೇ ಹೆಚ್ಚು.

ಈ ವಸ್ತುಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವುದು ಧ್ರುವೀಕೃತ ಬೆಳಕಿನ ತಿರುಗುವಿಕೆ. ಎಥನಾಲಿನಲ್ಲಿ ಕ್ವಿನೈನ್ ಸುಮಾರು −165 ಡಿಗ್ರಿಯಷ್ಟು ಎಡಕ್ಕೆ ತಿರುಗಿಸುತ್ತದೆ; ಕ್ವಿನಿಡಿನ್ ಸುಮಾರು +250 ಡಿಗ್ರಿಯಷ್ಟು ಬಲಕ್ಕೆ ತಿರುಗಿಸುತ್ತದೆ. ಇವೆರಡರ ಮಿಶ್ರಣದಲ್ಲಿ ಒಂದರ ಪರಿಣಾಮವನ್ನು ಇನ್ನೊಂದು ಭಾಗಶಃ ಅಳಿಸಿಹಾಕುತ್ತದೆ. ಆದ್ದರಿಂದ ಕ್ವಿನೈನ್‌ಗೆ ಸರಿಹೊಂದುವ ಪೂರ್ಣ ಮೌಲ್ಯವು ದೊರೆತರೆ ಅದು ಬಲವಾದ ಸಾಕ್ಷ್ಯ. ದ್ರಾವಕ, ಸಾಂದ್ರತೆ ಮತ್ತು ಉಷ್ಣತೆಗಳನ್ನು ಜೊತೆಗೆ ಕೊಟ್ಟಿರಬೇಕಷ್ಟೆ.

ನಾಲ್ಕು ಸಮಾಂಗಿಗಳ ಮಿಶ್ರಣದಿಂದ ಕ್ವಿನೈನನ್ನು ಹೊರತೆಗೆಯುವುದೂ ಒಂದು ಕೌಶಲ. ಆ ಕಾಲದಲ್ಲಿ ಇಂದಿನ ಕ್ರೊಮಟೊಗ್ರಫಿ ವಿಧಾನಗಳು ರೂಢಿಯಲ್ಲಿರಲಿಲ್ಲ. ಲವಣಗಳ ಕರಗುವಿಕೆಯಲ್ಲಿನ ವ್ಯತ್ಯಾಸವನ್ನೇ ಅವಲಂಬಿಸಬೇಕಿತ್ತು. ಕ್ವಿನೈನ್‌ನ ಟಾರ್ಟ್ರೇಟ್ ಲವಣವು ನೀರಿನಲ್ಲಿ ಅಲ್ಪವಾಗಿ ಕರಗುವುದರಿಂದ ಅದನ್ನು ಕ್ವಿನಿಡಿನ್‌ನಿಂದ ಬೇರ್ಪಡಿಸಲು ಬಳಸಲಾಗುತ್ತಿತ್ತು. ಯಾವ ಲವಣ, ಎಷ್ಟು ನೀರು, ಎಷ್ಟು ಬಾರಿ ಹರಳುಗಟ್ಟಿಸಲಾಯಿತು ಎಂಬುದು ತಿಳಿಯದಿದ್ದರೆ, ಕ್ರಿಯೆಯಲ್ಲಿ ಕ್ವಿನೈನ್ ಉಂಟಾಗಿದ್ದರೂ ಅದು ಪುನರಾವರ್ತಿಸುವವನ ಕೈಗೆ ಸಿಗದೆ ಹೋಗಬಹುದು. ಆಗ ಕ್ರಿಯೆ ವಿಫಲವಾಯಿತೋ, ಬೇರ್ಪಡಿಕೆ ವಿಫಲವಾಯಿತೋ ಎಂಬುದನ್ನು ಅವನು ತೀರ್ಮಾನಿಸಲಾರನು.

## ಸ್ಟಾರ್ಕ್ ಅವರ ಆಕ್ಷೇಪ ಮತ್ತು ಸೀಮನ್ ಅವರ ಪರಿಶೀಲನೆ

2001ರಲ್ಲಿ ಗಿಲ್ಬರ್ಟ್ ಸ್ಟಾರ್ಕ್ ಮತ್ತು ಅವರ ಸಹೋದ್ಯೋಗಿಗಳು, ಪ್ರತಿಯೊಂದು ಹಂತದಲ್ಲಿಯೂ ಅಣುವಿನ ದಿಕ್ಕುಜೋಡಣೆಯನ್ನು ನಿಯಂತ್ರಿಸಿದ ಕ್ವಿನೈನ್ ಸಂಶ್ಲೇಷಣೆಯೊಂದನ್ನು ಪ್ರಕಟಿಸಿದರು. ಆ ಪ್ರಬಂಧದ ಪೀಠಿಕೆಯಲ್ಲಿ ಅವರು ವುಡ್‌ವರ್ಡ್ ಮತ್ತು ಡೋರಿಂಗ್ ಅವರ ಸಾಧನೆಯ ಬಗೆಗಿನ ವ್ಯಾಪಕ ನಂಬಿಕೆಯನ್ನು ಪ್ರಶ್ನಿಸಿದರು. ಸಂಶ್ಲೇಷಿತ ಕ್ವಿನೋಟಾಕ್ಸಿನ್‌ನಿಂದ ಕ್ವಿನೈನನ್ನು ಯಾರೂ ತಯಾರಿಸಿರಲಿಲ್ಲ. ಅದಕ್ಕೆ ಆಧಾರವಾದ 1918ರ ವರದಿಯು ಸಾಕಷ್ಟು ಪ್ರಯೋಗ ವಿವರಗಳಿಲ್ಲದ ಕಿರು ಲೇಖನವಾಗಿತ್ತು. ಅದು ಸ್ವತಂತ್ರವಾಗಿ ದೃಢಪಟ್ಟಿರಲಿಲ್ಲ ಎಂಬುದು ಅವರ ಆಕ್ಷೇಪದ ತಿರುಳು.

ಈ ಆಕ್ಷೇಪದಲ್ಲಿ ಎರಡು ಭಾಗಗಳಿವೆ. ವಿವರಗಳು ಸಾಲದು ಎಂಬುದು ಮೊದಲನೆಯದು. ಇದು ಲೇಖನವನ್ನು ಓದಿ ಪರೀಕ್ಷಿಸಬಹುದಾದ ಮಾತು. ಆದ್ದರಿಂದ ಪರಿವರ್ತನೆಯು ಸಾಧಿತವೆಂದು ಪರಿಗಣಿಸಲಾಗದು ಎಂಬುದು ಎರಡನೆಯದು. ಮುಂದೆ ನಡೆದ ಚರ್ಚೆಯಲ್ಲಿ ಮೊದಲ ಭಾಗವು ಹಾಗೆಯೇ ಉಳಿಯಿತು, ಎರಡನೆಯದು ಉಳಿಯಲಿಲ್ಲ.

2007ರಲ್ಲಿ ಜೆಫ್ರಿ ಸೀಮನ್ ಅವರು ಈ ವಿಷಯವನ್ನು ಕುರಿತು ವಿಸ್ತಾರವಾದ ಸಮೀಕ್ಷೆಯೊಂದನ್ನು ಪ್ರಕಟಿಸಿದರು. 1918ರ ಲೇಖನವನ್ನು ಒಂಟಿಯಾಗಿ ಓದದೆ, ರಾಬೆ ಅವರ ಹಿಂದಿನ ಮತ್ತು ನಂತರದ ಪ್ರಕಟಣೆಗಳೊಂದಿಗೆ ಅವರು ಅದನ್ನು ಜೋಡಿಸಿ ಓದಿದರು. ಸಿಂಕೋನಿನ್ ಸರಣಿಯಲ್ಲಿ ರಾಬೆ ಇದೇ ಬಗೆಯ ಪರಿವರ್ತನೆಗಳನ್ನು ನಡೆಸಿದ್ದರು. 1931ರಲ್ಲಿ ಅವರ ತಂಡವು ಡೈಹೈಡ್ರೊಕ್ವಿನೈನ್ ಎಂಬ ನಿಕಟ ಸಂಯುಕ್ತದ ಪೂರ್ಣ ಸಂಶ್ಲೇಷಣೆಯನ್ನೂ ವರದಿ ಮಾಡಿತ್ತು. ಈ ಒಟ್ಟು ಸಾಕ್ಷ್ಯದಿಂದ, ರಾಬೆ ಮತ್ತು ಕಿಂಡ್ಲರ್ ಅವರು ತಾವು ಹೇಳಿದುದನ್ನು ನಿಜವಾಗಿಯೂ ಮಾಡಿದ್ದರು ಎಂಬ ತೀರ್ಮಾನಕ್ಕೆ ಸೀಮನ್ ಬಂದರು. ಆದರೆ ಇದು ದಾಖಲೆಗಳಿಂದ ಬಂದ ತೀರ್ಮಾನ. ಪ್ರಯೋಗಾಲಯದ ಉತ್ತರ ಇನ್ನೂ ಬಾಕಿಯಿತ್ತು.

## 2008ರ ಪುನರಾವರ್ತನೆ

ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ಏರನ್ ಸ್ಮಿತ್ ಮತ್ತು ರಾಬರ್ಟ್ ವಿಲಿಯಮ್ಸ್ ಅವರು ಮೂರೂ ಹಂತಗಳನ್ನು ಪುನರಾವರ್ತಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಾಬೆ ಅವರ ಕಾಲದಲ್ಲಿ ಲಭ್ಯವಿದ್ದ ಕಾರಕಗಳನ್ನೂ ವಿಧಾನಗಳನ್ನೂ ಬಳಸುವುದು ಅವರು ತಮಗೆ ಹಾಕಿಕೊಂಡ ನಿಯಮ. ಈ ನಿಯಮವು ಮುಖ್ಯವಾದುದು. ಇಂದಿನ ಶಕ್ತಿಶಾಲಿ ಹೈಡ್ರೈಡ್ ಕಾರಕಗಳಿಂದ ಕ್ವಿನಿನೋನನ್ನು ಅಪಕರ್ಷಿಸಿ ಕ್ವಿನೈನ್ ಪಡೆಯಬಹುದೆಂಬುದು ಅದಾಗಲೇ ಗೊತ್ತಿತ್ತು. ಅದನ್ನು ಮತ್ತೆ ತೋರಿಸಿದ್ದರೆ 1918ರ ವರದಿಯ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.

ಮೊದಲ ಎರಡು ಹಂತಗಳು ಕೈಗೂಡಿದವು. ಅಲ್ಯೂಮಿನಿಯಂ ಅಪಕರ್ಷಣೆಯಲ್ಲಿ ತೊಡಕು ಎದುರಾಯಿತು: ಹೊಸ ಪುಡಿಯಿಂದ ಕ್ವಿನೈನ್ ತೃಪ್ತಿಕರವಾಗಿ ದೊರೆಯಲಿಲ್ಲ. ಗಾಳಿಗೆ ಒಡ್ಡಿ ಭಾಗಶಃ ಆಕ್ಸೈಡ್ ಆಗಿದ್ದ ಪುಡಿಯನ್ನು ಬಳಸಿದಾಗ ಕ್ರಿಯೆ ಉತ್ತಮಗೊಂಡು, ಕ್ವಿನೈನನ್ನು ಬೇರ್ಪಡಿಸುವುದು ಸಾಧ್ಯವಾಯಿತು. 1918ರ ವರದಿಯು ದೃಢಪಟ್ಟಿತು. ಅದರೊಂದಿಗೆ 1944ರ ಔಪಚಾರಿಕ ಸಂಶ್ಲೇಷಣೆಯ ಆಧಾರವೂ ದೃಢಪಟ್ಟಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರಾಬೆ ಅವರ ಪ್ರಯೋಗಾಲಯದ ಪುಡಿಯು ಸಹಜವಾಗಿಯೇ ಹಳೆಯದಾಗಿದ್ದಿರಬಹುದು. ಹಾಗಿದ್ದಲ್ಲಿ ಅವರಿಗೆ ಕ್ರಿಯೆಯು ಕಷ್ಟವೆನಿಸಿರಲಾರದು, ಆಕ್ಸೈಡ್‌ನ ಪಾತ್ರವನ್ನು ಉಲ್ಲೇಖಿಸಬೇಕೆಂದು ತೋರಿರಲೂ ಆರದು. ಅಲ್ಯೂಮಿನಿಯಂ ಆಲ್ಕಾಕ್ಸೈಡ್‌ಗಳು ಆಲ್ಕೊಹಾಲ್‌ನ ಜಲಜನಕವನ್ನು ಕೀಟೋನ್‌ಗೆ ವರ್ಗಾಯಿಸಬಲ್ಲವೆಂಬ ಸಂಗತಿಯೂ 1925ರ ಬಳಿಕವಷ್ಟೇ, ಮೀರ್ವೈನ್ ಮೊದಲಾದವರ ಕಾರ್ಯದಿಂದ ಬೆಳಕಿಗೆ ಬಂದಿತು. 1918ರಲ್ಲಿ ಅಲ್ಯೂಮಿನಿಯಂ ಎಂದರೆ ಕೇವಲ ಅಪಕರ್ಷಕ ಲೋಹ. ಅದರ ಸಂಯುಕ್ತಗಳಿಗೆ ಬೇರೆ ಪಾತ್ರವಿರಬಹುದೆಂದು ಶಂಕಿಸಲು ಕಾರಣವಿರಲಿಲ್ಲ.

## ಬಿಟ್ಟುಹೋದ ವಿವರಗಳ ಮೂರು ಬಗೆಗಳು

ಈ ಪ್ರಕರಣದಿಂದ ಪ್ರಯೋಗ ವಿವರಣೆಯ ಕೊರತೆಗಳನ್ನು ಮೂರಾಗಿ ವಿಂಗಡಿಸಬಹುದು. ಪ್ರತಿಯೊಂದಕ್ಕೂ ವಿಮರ್ಶಕನು ಕೇಳಬೇಕಾದುದು ಬೇರೆ.

ಮೊದಲನೆಯದು, ಲೇಖಕನಿಗೆ ತಿಳಿದಿದ್ದೂ ಬರೆಯದೆ ಬಿಟ್ಟದ್ದು. ಅಲ್ಯೂಮಿನಿಯಂನ ತೂಕ, ಎಥನಾಲಿನ ಪ್ರಮಾಣ, ಕಾಯಿಸಿದ ಸಮಯ, ಲವಣವನ್ನು ಹರಳುಗಟ್ಟಿಸಿದ ಕ್ರಮ ಇವೆಲ್ಲ ಪ್ರಯೋಗದ ಟಿಪ್ಪಣಿ ಪುಸ್ತಕದಲ್ಲಿ ಇರುವಂತಹವು. ಇವುಗಳನ್ನು ಕೇಳಿ ಪಡೆಯಬಹುದು. ಕಿರು ಲೇಖನಗಳಲ್ಲಿ ಸ್ಥಳಾಭಾವದಿಂದ ಇವು ಬಿಟ್ಟುಹೋಗುತ್ತವೆ. ವಿಸ್ತೃತ ಪ್ರಬಂಧವು ಹಿಂಬಾಲಿಸದಿದ್ದರೆ ಶಾಶ್ವತವಾಗಿ ಕಳೆದುಹೋಗುತ್ತವೆ.

ಎರಡನೆಯದು, ಬೇರೆ ಪ್ರಬಂಧವನ್ನು ನೋಡುವಂತೆ ಹೇಳಿ ಬಿಟ್ಟದ್ದು. ಇದು ತಪ್ಪಲ್ಲ. ಆದರೆ ಉಲ್ಲೇಖಿತ ವಿಧಾನವು ಬೇರೊಂದು ವಸ್ತುವಿನ ಮೇಲೆ ನಡೆದುದಾಗಿದ್ದರೆ, ಈಗಿನ ವಸ್ತುವಿಗಾಗಿ ಏನನ್ನು ಬದಲಿಸಲಾಯಿತು ಎಂಬುದನ್ನು ಹೇಳಲೇಬೇಕು. ವಿಮರ್ಶಕನು ಆ ಮೂಲ ಪ್ರಬಂಧವನ್ನು ತೆರೆದು ನೋಡದೆ ವಿವರವೇ ಇಲ್ಲವೆಂದು ತೀರ್ಮಾನಿಸಬಾರದು. ಸೀಮನ್ ಅವರ ಸಮೀಕ್ಷೆಯು ತುಂಬಿದ್ದು ಬಹುಮಟ್ಟಿಗೆ ಈ ಅಂತರವನ್ನು.

ಮೂರನೆಯದು, ಲೇಖಕನಿಗೂ ತಿಳಿಯದಿದ್ದದ್ದು. ಪುಡಿಯ ವಯಸ್ಸು ಈ ಬಗೆಗೆ ಸೇರುವಂತಹುದು. ಯಾವ ಅಂಶ ನಿರ್ಣಾಯಕವೆಂದು ಗೊತ್ತಿಲ್ಲದಿರುವಾಗ ಅದನ್ನು ವಿಶೇಷವಾಗಿ ಬರೆಯಲು ಸಾಧ್ಯವಿಲ್ಲ. ಇದಕ್ಕೆ ಪರಿಹಾರವೆಂದರೆ ಕಾರಕದ ಮೂಲ, ದರ್ಜೆ, ಅದನ್ನು ಸಂಗ್ರಹಿಸಿದ ರೀತಿಗಳನ್ನು ಮುಖ್ಯವೆಂದು ತೋರದಿದ್ದರೂ ಬರೆದಿಡುವುದು, ಮತ್ತು ಬೇರೊಂದು ಪ್ರಯೋಗಾಲಯದಲ್ಲಿ ಬೇರೆ ಸೀಸೆಯ ಕಾರಕದಿಂದ ಪ್ರಯೋಗವನ್ನು ಮಾಡಿಸಿ ನೋಡುವುದು. 1921ರಿಂದ ಪ್ರಕಟವಾಗುತ್ತಿರುವ ಆರ್ಗ್ಯಾನಿಕ್ ಸಿಂಥೆಸಿಸ್ ಎಂಬ ಪ್ರಕಟಣ ಮಾಲೆಯು ಈ ಎರಡನ್ನೂ ನಿಯಮವಾಗಿಸಿಕೊಂಡಿದೆ. ಅದರಲ್ಲಿನ ಪ್ರತಿಯೊಂದು ವಿಧಾನವನ್ನೂ ಪ್ರಕಟಣೆಗೆ ಮುನ್ನ ಸಂಪಾದಕ ಮಂಡಳಿಯ ಸದಸ್ಯರೊಬ್ಬರ ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ಪರೀಕ್ಷಿಸಲಾಗುತ್ತದೆ. ಕಾರಕಗಳ ಗುಣಮಟ್ಟವನ್ನು ಕುರಿತ ಟಿಪ್ಪಣಿಗಳನ್ನೂ ಸೇರಿಸಲಾಗುತ್ತದೆ.

## ವಿಮರ್ಶೆಯ ಮಿತಿ

ಪ್ರಯೋಗ ವಿವರಣೆಯನ್ನು ಓದಿ ಮಾಡುವ ವಿಮರ್ಶೆಯು, ಇಷ್ಟು ವಿವರದಿಂದ ಪುನರಾವರ್ತನೆ ಸಾಧ್ಯವೇ ಎಂಬುದನ್ನು ನಿರ್ಣಯಿಸಬಲ್ಲದು. ವರದಿಯಾದ ಫಲಿತಾಂಶ ಸತ್ಯವೋ ಸುಳ್ಳೋ ಎಂಬುದನ್ನು ಅದು ನಿರ್ಣಯಿಸಲಾರದು. ರಾಬೆ–ಕಿಂಡ್ಲರ್ ಲೇಖನದಲ್ಲಿ ವಿವರಗಳು ಸಾಲದಾಗಿದ್ದವು, ಫಲಿತಾಂಶ ಸರಿಯಾಗಿತ್ತು.

ಪುನರಾವರ್ತನೆ ವಿಫಲವಾದಾಗಲೂ ಇದೇ ಎಚ್ಚರಿಕೆ ಅಗತ್ಯ. ಹೊಸ ಅಲ್ಯೂಮಿನಿಯಂ ಪುಡಿಯಿಂದ ಒಮ್ಮೆ ಪ್ರಯತ್ನಿಸಿ ಕೈಬಿಟ್ಟವನು, ಕ್ರಿಯೆಯೇ ನಡೆಯುವುದಿಲ್ಲವೆಂದು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿದ್ದನು. ಅವನ ವರದಿಯಲ್ಲಿಯೂ ಪುಡಿಯ ವಿವರ ಇರದಿದ್ದರೆ, ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಷ್ಟೇ ಉಳಿದು, ಮೂರನೆಯವನಿಗೆ ಅವುಗಳ ನಡುವೆ ಆರಿಸಿಕೊಳ್ಳಲು ಯಾವ ಆಧಾರವೂ ಇರುತ್ತಿರಲಿಲ್ಲ. ಆದ್ದರಿಂದ ವಿಫಲ ಪ್ರಯೋಗದ ವರದಿಗೂ ಕಾರಕದ ಮೂಲ, ಪ್ರಮಾಣ, ಉಷ್ಣತೆ ಮತ್ತು ಸಮಯಗಳ ವಿವರವು ಯಶಸ್ವಿ ಪ್ರಯೋಗದ ವರದಿಗೆ ಬೇಕಾದಷ್ಟೇ ಬೇಕಾಗುತ್ತದೆ. ಕ್ವಿನೈನ್‌ನ ವಿಷಯದಲ್ಲಿ 1918ರ ವರದಿಗೂ 2008ರ ದೃಢೀಕರಣಕ್ಕೂ ನಡುವೆ 90 ವರ್ಷಗಳು ಕಳೆದವು.